ಬೆಳ್ಳಿತೆರೆಯ ಹಿಂದೆಯೂ ಒಂದು ಬದಲಿ ಗೇಟು

ಹುಣಸೂರಿನ ತಂಬಾಕು ಮಂಡಿಯಲ್ಲಿ ದುಡಿಯುವ ಗೆಳೆಯರೊಬ್ಬರು ಕಳೆದ ತಿಂಗಳು ನಮ್ಮ ಕಚೇರಿಗೆ ಬಂದಿದ್ದರು. ಮಗನಿಗೆ ಸಿನಿಮಾದ ಹುಚ್ಚು. ನಟನಾಗಬೇಕೆಂಬ ಹುಚ್ಚಾಗಿದ್ದರೆ ಎರಡು ಗದರಿಸಿ ಸುಮ್ಮನಾಗುತ್ತಿದ್ದರೇನೋ. ಆದರೆ ಹುಡುಗ ಹೇಳುವುದು ಕ್ಯಾಮರಾ, ಎಡಿಟಿಂಗು ಎಂದು. ಬೆಂಗಳೂರಿನಲ್ಲಿ ಯಾರೋ ಒಬ್ಬರು ಎರಡು ಲಕ್ಷ ಕಟ್ಟಿದರೆ ಆರು ತಿಂಗಳು ಕಲಿಸಿ, ಸಂಘದ ಕಾರ್ಡು ಕೊಡಿಸಿ, ಚಿತ್ರಕ್ಕೆ ಸೇರಿಸುವುದಾಗಿ ಹೇಳಿದ್ದಾರಂತೆ. "ಜಮೀನಿನ ಮೇಲೆ ಸಾಲ ಎತ್ತಬೇಕು. ಕಟ್ಟೋದಾ ಬ್ಯಾಡ್ವಾ, ನೀವೇ ಒಂದ್ ಮಾತು ಹೇಳಿ ಸ್ವಾಮಿ" ಎಂದರು.

ನಾವು ಕಟ್ಟಬೇಡಿ ಎಂದೆವು. ಆದರೆ ಬೇಡ ಎಂದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಲಿಲ್ಲ. ಆ ಬಾಗಿಲು ಸುಳ್ಳಾದರೆ ನಿಜವಾದ ಬಾಗಿಲು ಎಲ್ಲಿದೆ ಎಂದು ಹೇಳಬೇಕಷ್ಟೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದಲೂ ಇದೇ ಪ್ರಶ್ನೆ ಬರುತ್ತಿರುವುದರಿಂದ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಯವರೇ ಆದ ಒಬ್ಬರ ಕಥೆಯಿಂದ ಆರಂಭಿಸುವುದು ಲೇಸು. ವಿ.ಕೆ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1943ರಲ್ಲಿ ಚಲಚ್ಚಿತ್ರ ಛಾಯಾಗ್ರಹಣದ ತರಗತಿ ಆರಂಭವಾಯಿತು. ಮೂರ್ತಿಯವರು ಅಲ್ಲಿ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಅರಸೊತ್ತಿಗೆಯ ಬಗ್ಗೆ ನಮ್ಮ ಅಭಿಪ್ರಾಯ ಓದುಗರಿಗೆ ಗೊತ್ತೇ ಇದೆ. ಆದರೂ ಬಡಗಿ, ಕಮ್ಮಾರ, ವಿದ್ಯುತ್ ಕೆಲಸಗಾರರನ್ನು ತಯಾರು ಮಾಡುವ ಒಂದು ಸರ್ಕಾರಿ ಕಸಬಿನ ಶಾಲೆಯಲ್ಲಿ ಕ್ಯಾಮರಾವನ್ನೂ ಒಂದು ಕಸಬೆಂದು ಎಣಿಸಿ ಕಲಿಸಿದ್ದು ಆ ಕಾಲದ ಮೈಸೂರು ಸಂಸ್ಥಾನದಲ್ಲಿ. ದೇಶದಲ್ಲಿ ಸರ್ಕಾರವೊಂದು ಹಾಗೆ ಮಾಡಿದ್ದು ಅದೇ ಮೊದಲು. ಇದನ್ನು ಒಪ್ಪದಿರುವುದು ಅಪ್ರಾಮಾಣಿಕತೆ.

ಡಿಪ್ಲೊಮಾ ಕೈಗೆ ಬಂದ ಮೇಲೆ ಮೂರ್ತಿಯವರು ಮುಂಬಯಿಗೆ ಹೋದರು. ಅಲ್ಲಿ ಯಾರೂ ಅವರ ಕೈಗೆ ಚಿತ್ರವೊಂದನ್ನು ಒಪ್ಪಿಸಲಿಲ್ಲ. ಅವರು ಸಹಾಯಕರಾದರು. 1951ರಲ್ಲಿ ಗುರುದತ್ತರು 'ಬಾಜಿ' ಚಿತ್ರವನ್ನು ತೆಗೆಯುವಾಗ ಅದರ ಛಾಯಾಗ್ರಾಹಕರು ವಿ. ರಾತ್ರ; ಮೂರ್ತಿಯವರು ಅವರ ಕೈಕೆಳಗಿನ ಸಹಾಯಕ. ಹಾಡಿನ ಸನ್ನಿವೇಶವೊಂದಕ್ಕೆ ಗುರುದತ್ತರು ಕ್ಯಾಮರಾ ಚಲಿಸಬೇಕಾದ, ತುಂಬ ತೊಡಕಿನ ಒಂದು ಷಾಟನ್ನು ಯೋಚಿಸಿದ್ದರು. ಅದನ್ನು ತಾನು ಮಾಡಿ ನೋಡಲೇ ಎಂದು ಸಹಾಯಕ ಕೇಳಿದ. ಯಜಮಾನರು ಬೇಡವೆನ್ನಲಿಲ್ಲ. ಷಾಟು ಕೂಡಿಬಂತು. ಮುಂದಿನ ಚಿತ್ರ 'ಜಾಲ್'ನಿಂದ ಗುರುದತ್ತರ ಛಾಯಾಗ್ರಾಹಕರು ಮೂರ್ತಿಯವರೇ ಆದರು. 1959ರ 'ಕಾಗಜ್ ಕೆ ಫೂಲ್', ಸಿನಿಮಾಸ್ಕೋಪಿನಲ್ಲಿ ತೆಗೆದ ಭಾರತದ ಮೊದಲ ಚಿತ್ರ, ಅವರ ಕೈಕೆಲಸ. ಅದರಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿ ಬರುವ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಅದಕ್ಕೆ ಬಳಸಿದ್ದು ದುಬಾರಿ ದೀಪವಲ್ಲ, ಎರಡು ದೊಡ್ಡ ಕನ್ನಡಿಗಳು. ಒಂದನ್ನು ಹೊರಗೆ ಬಿಸಿಲಿನಲ್ಲಿಟ್ಟು, ಅದರಿಂದ ಬಂದ ಬಿಸಿಲನ್ನು ಒಳಗೆ ಮೇಲಟ್ಟದ ಇನ್ನೊಂದಕ್ಕೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಪ್ರಶಸ್ತಿಯ ಮಾತು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಮಗೆ ಬೇಕಾದದ್ದು 1946ರಿಂದ 1951ರವರೆಗಿನ ಐದು ವರ್ಷ. ಸರ್ಕಾರಿ ಶಾಲೆಯ ಡಿಪ್ಲೊಮಾ ಇದ್ದ, ಕೈ ಪಳಗಿದ ಮನುಷ್ಯನೂ ಐದು ವರ್ಷ ಇನ್ನೊಬ್ಬರ ಬೆನ್ನ ಹಿಂದೆ ನಿಂತ. ಅದೇ ಶಾಲೆಯಿಂದ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿಯವರೂ ಮೂರ್ತಿಯವರ ಸಹಾಯಕರಾಗಿಯೇ ಆರಂಭಿಸಿದರು. ಎಂದರೆ ಶಾಲೆ ಕಸಬನ್ನು ಕಲಿಸುತ್ತದೆ, ಕೆಲಸವನ್ನು ಕೊಡಿಸುವುದಿಲ್ಲ. ಕೆಲಸ ಸಿಕ್ಕುವುದು ಸಹಾಯಕನ ಜಾಗದಲ್ಲಿ; ಆ ಜಾಗ ಸಿಕ್ಕುವುದು ಒಬ್ಬ ಮನುಷ್ಯ ಇನ್ನೊಬ್ಬನನ್ನು ಕರೆದಾಗ.

ಗಿರಣಿಯಲ್ಲಿ ದುಡಿದ ನಮ್ಮ ಓದುಗರಿಗೆ ಇದು ಹೊಸದೇನೂ ಅಲ್ಲ. ಬದಲಿ ಕಾರ್ಮಿಕನಾಗಿ ಬೆಳಗಾಗೆದ್ದು ಗೇಟಿನ ಮುಂದೆ ನಿಂತು, ಇವತ್ತು ಯಾರು ರಜ ಹಾಕಿದರು, ಜಮಾದಾರ ಯಾರ ಹೆಸರು ಕೂಗುತ್ತಾನೆ ಎಂದು ಕಾದದ್ದು ಹಿರಿಯರಿಗೆ ನೆನಪಿರಬಹುದು. ಚಿತ್ರರಂಗದ ಹಿಂಬಾಗಿಲೂ ಒಂದು ಬದಲಿ ಗೇಟು. ಒಂದೇ ವ್ಯತ್ಯಾಸ: ಗಿರಣಿಯ ಗೇಟು ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುವುದಿಲ್ಲ. ಫೋನಿನ ಕರೆಯಲ್ಲಿ ತೆರೆದು ಫೋನಿನ ಕರೆಯಲ್ಲೇ ಮುಚ್ಚುತ್ತದೆ. "ನಮ್ಮ ಹುಡುಗ ಒಬ್ಬ ಬಂದಿಲ್ಲ, ನಾಳೆ ಬೆಳಿಗ್ಗೆ ಐದಕ್ಕೆ ಬರ್ತೀಯೇನೋ?" ಎಂಬುದೇ ನೇಮಕದ ಆಜ್ಞೆ.

ಕ್ಯಾಮರಾ ವಿಭಾಗದಲ್ಲಿ ಈ ಗೇಟು ಎಲ್ಲಿದೆ ನೋಡೋಣ. ಇಂದು ಕ್ಯಾಮರಾ, ಲೆನ್ಸು, ದೀಪಗಳನ್ನು ನಿರ್ಮಾಪಕರು ಕೊಳ್ಳುವುದಿಲ್ಲ. ಬಾಡಿಗೆಗೆ ಕೊಡುವ ಸಂಸ್ಥೆಗಳಿಂದ ತರುತ್ತಾರೆ. ಆ ಸಂಸ್ಥೆ ತನ್ನ ಸಾಮಾನಿನ ಜೊತೆ ತನ್ನ ಆಳುಗಳನ್ನೂ ಕಳಿಸುತ್ತದೆ. ಪೆಟ್ಟಿಗೆ ಹೊರುವುದು, ಲೆನ್ಸು ಒರಸುವುದು, ಬ್ಯಾಟರಿ ತುಂಬಿಸುವುದು, ಸಂಜೆ ಎಣಿಸಿ ಮರಳಿಸುವುದು ಇವರ ಕೆಲಸ. ಇದು ಒಂದು ಏಣಿ. ಇನ್ನೊಂದು ಏಣಿ ಛಾಯಾಗ್ರಾಹಕರು ತಾವೇ ಇಟ್ಟುಕೊಂಡ ಸಹಾಯಕರದು. ಓದಿದ, ಮನೆಯಲ್ಲಿ ಒಂದಿಷ್ಟು ಅನುಕೂಲವಿದ್ದ ಹುಡುಗರು ಎರಡನೆಯ ಏಣಿಗೆ ಬರುತ್ತಾರೆ. ನಮ್ಮ ಕಡೆಯ ಬಡವರ ಹುಡುಗರು ಬಂದರೆ ಮೊದಲನೆಯದಕ್ಕೆ. ಅದನ್ನು ಹತ್ತಿ ಮೇಲೆ ಬಂದವರಿಲ್ಲವೆಂದಲ್ಲ. ಆದರೆ ಹೊರೆ ಹೊತ್ತವನಿಗೆ ಕಲಿಯಲು ಸಮಯ ಉಳಿಯುವುದು ಕಡಮೆ.

ಎರಡು ಏಣಿಗಳೂ ಕೂಡುವ ಮೆಟ್ಟಿಲು ಫೋಕಸಿನ ಸಹಾಯಕನದು. ಪ್ರೇಕ್ಷಕನಿಗೆ ಇವನ ಹೆಸರೂ ಗೊತ್ತಿರುವುದಿಲ್ಲ. ಕೆಲಸ ಕೆಟ್ಟಾಗ ಮಾತ್ರ ಇವನಿದ್ದಾನೆಂದು ತಿಳಿಯುತ್ತದೆ. ನಟಿ ಬಾಗಿಲಿನಿಂದ ಕಿಟಕಿಯವರೆಗೆ ನಡೆದು ಬರುತ್ತಾಳೆ ಎನ್ನಿ. ಕ್ಯಾಮರಾದ ಮೈಮೇಲೆ ಒಂದು ಸಣ್ಣ ವೃತ್ತ, ಅದನ್ನು ಕಡಿಯುವ ಗೆರೆ ಇರುತ್ತದೆ. ಒಳಗೆ ಚಿತ್ರ ಮೂಡುವ ಜಾಗ ಅದೇ. ಸಹಾಯಕ ಅಲ್ಲಿಂದ ಅಳತೆಯ ಟೇಪು ಹಿಡಿದು ಅವಳ ಕಣ್ಣಿನವರೆಗೆ ಅಳೆಯುತ್ತಾನೆ, ಅವಳು ನಿಲ್ಲುವ ಕಡೆಗಳಲ್ಲಿ ನೆಲಕ್ಕೆ ಗುರುತು ಅಂಟಿಸುತ್ತಾನೆ. ಷಾಟು ನಡೆಯುವಾಗ ಅವಳ ಹೆಜ್ಜೆಗೆ ಸರಿಯಾಗಿ ಲೆನ್ಸಿನ ಬಳೆಯನ್ನು ತಿರುಗಿಸುತ್ತಾನೆ. ಐವತ್ತು ಮಿಲಿಮೀಟರಿನ ಲೆನ್ಸನ್ನು ಬಹಳಷ್ಟು ತೆರೆದಿಟ್ಟು, ಅವಳು ಎರಡು ಮೀಟರ್ ದೂರದಲ್ಲಿ ನಿಂತಿದ್ದರೆ, ಚಿತ್ರ ಚೊಕ್ಕವಾಗಿ ಕಾಣುವ ಆಳ ಒಂದು ಗೇಣಿಗೂ ಕಡಮೆ. ಅವಳು ಸಂಭಾಷಣೆಯ ಬಿಸಿಯಲ್ಲಿ ಒಂದು ಗೇಣು ಮುಂದೆ ಬಾಗಿದರೆ ಕಣ್ಣು ಮಸುಕಾಗಿ ಕಿವಿ ಚೊಕ್ಕವಾಗುತ್ತದೆ. ಸಣ್ಣ ಪರದೆಯಲ್ಲಿ ನೋಡಿದಾಗ ಇದು ತಿಳಿಯದೆ ಹೋಗುವುದುಂಟು. ಚಿತ್ರಮಂದಿರದ ತೆರೆಯ ಮೇಲೆ ತಪ್ಪದೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಸೆಟ್ಟು ಮುರಿದು ಹೋಗಿರುತ್ತದೆ. ದೂರವನ್ನು ಕಣ್ಣಂದಾಜಿನಲ್ಲಿ ಹೇಳುವ ಈ ವಿದ್ಯೆ ಯಾವ ಆರು ತಿಂಗಳ ತರಗತಿಯಲ್ಲೂ ಬರುವುದಿಲ್ಲ. ನೇಗಿಲ ಸಾಲು ನೆಟ್ಟಗೆ ಬರುವುದು ಹೇಗೆ ಕೈಗೆ ಬರುತ್ತದೋ ಹಾಗೆ, ದಿನಗಟ್ಟಲೆ ಮಾಡಿ ಬರಬೇಕು.

ಸಂಕಲನದ ವಿಷಯಕ್ಕೆ ಬರೋಣ. ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗರಿಗೆ ಹತ್ತಿರದ ದಾರಿ ಇದೇ ಎಂಬುದು ನಮ್ಮ ಎಣಿಕೆ, ಏಕೆಂದರೆ ಇದರ ಮೊದಲ ಪಾಠಶಾಲೆ ಊರಿನಲ್ಲೇ ಇದೆ. ಪಿರಿಯಾಪಟ್ಟಣದಲ್ಲಿ, ಕೆ.ಆರ್. ನಗರದಲ್ಲಿ ಮದುವೆಯ ವಿಡಿಯೋ ಮಾಡುವ ಸ್ಟುಡಿಯೋಗಳಿವೆ. ಅಲ್ಲಿ ರಾತ್ರಿ ಕುಳಿತು ಮುಹೂರ್ತದಿಂದ ಊಟದವರೆಗಿನ ಎಂಟು ಗಂಟೆಗಳನ್ನು ಒಂದು ಗಂಟೆಗೆ ಇಳಿಸುವ ಹುಡುಗನಿಗೆ, ತಾನು ಸಂಕಲನಕಾರನ ಅರ್ಧ ಕೆಲಸ ಮಾಡುತ್ತಿದ್ದೇನೆಂದು ಗೊತ್ತೇ ಇರುವುದಿಲ್ಲ. ಎಲ್ಲಿ ಕತ್ತರಿಸಬೇಕೆಂಬುದು ಅವನಿಗೆ ಒಂದಿಷ್ಟು ಬಂದಿರುತ್ತದೆ. ಬಾರದಿರುವುದು ಉಳಿದರ್ಧ, ಶಿಸ್ತು.

ನಮಗೆ ಗೊತ್ತಿರುವ ಒಬ್ಬ ಹುಡುಗ ಹೀಗೆಯೇ ಮದುವೆ ಸ್ಟುಡಿಯೋದಿಂದ ಬೆಂಗಳೂರಿನ ಸಂಕಲನ ಕೋಣೆಯೊಂದಕ್ಕೆ ಹೋದ. ಎರಡನೆಯ ವಾರದಲ್ಲಿ ಅವನಿಗೆ ಒದಗಿದ ಪೇಚನ್ನು ಅವನ ಬಾಯಿಂದಲೇ ಕೇಳಿದ್ದೇವೆ. ಚಿತ್ರೀಕರಣದ ಸ್ಥಳದಲ್ಲಿ ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗುತ್ತವೆ. ಷಾಟಿನ ಮೊದಲು ಕ್ಲ್ಯಾಪು ಹೊಡೆಯುವುದು ಶಾಸ್ತ್ರಕ್ಕಲ್ಲ. ಹಲಗೆ ಮುಚ್ಚಿದ ಚಿತ್ರ, 'ಠಪ್' ಎಂಬ ಸದ್ದು, ಇವೆರಡನ್ನೂ ಒಂದಕ್ಕೊಂದು ಕೂಡಿಸಿದರೆ ಉಳಿದ ಷಾಟೆಲ್ಲ ತಾನಾಗಿ ಕೂಡಬೇಕು. ಸಹಾಯಕ ಸಂಕಲನಕಾರನ ಮೊದಲ ಕೆಲಸ ಇದು. ಹುಡುಗ ಕೂಡಿಸಿದ. ಆರಂಭದಲ್ಲಿ ತುಟಿಗೂ ಮಾತಿಗೂ ಸರಿಹೊಂದಿತು. ನೋಡುತ್ತ ಹೋದಂತೆ ಮಾತು ಹಿಂದೆ ಬಿತ್ತು. ಒಂದು ನಿಮಿಷದ ಷಾಟಿನ ಕೊನೆಗೆ ನಟ ಬಾಯಿ ಮುಚ್ಚಿ ಎರಡು ಸೆಕೆಂಡು ಕಳೆದ ಮೇಲೂ ಮಾತು ಕೇಳುತ್ತಿತ್ತು. ಅವನು ಕ್ಲ್ಯಾಪನ್ನು ಆಚೀಚೆ ಜರುಗಿಸಿದ; ಕೊನೆ ಸರಿಹೋದರೆ ಮೊದಲು ಕೆಟ್ಟಿತು. ರಾತ್ರಿಯೆಲ್ಲ ಹೀಗೇ ಕಳೆಯಿತು.

ಬೆಳಿಗ್ಗೆ ಬಂದ ಹಿರಿಯ ಸಹಾಯಕ ಒಂದೇ ಪ್ರಶ್ನೆ ಕೇಳಿದನಂತೆ: "ವ್ಯತ್ಯಾಸ ಮೊದಲಿಂದ ಕೊನೇವರೆಗೂ ಒಂದೇ ಸಮ ಇದ್ಯಾ, ಬೆಳೀತಾ ಹೋಗ್ತದಾ?" ಒಂದೇ ಸಮ ಇದ್ದರೆ ಕ್ಲ್ಯಾಪಿನ ಗುರುತು ತಪ್ಪಿದೆ, ಜರುಗಿಸಿದರೆ ಆಯಿತು. ಬೆಳೆಯುತ್ತ ಹೋದರೆ ವೇಗ ತಪ್ಪಿದೆ. ಚಿತ್ರಮಂದಿರಕ್ಕಾಗಿ ತೆಗೆಯುವ ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ನಮ್ಮ ದೇಶದ ಟೆಲಿವಿಷನ್ನಿನ ಲೆಕ್ಕ ಸೆಕೆಂಡಿಗೆ 25, ಮದುವೆ ವಿಡಿಯೋದವರಿಗೆ ರೂಢಿಯಾದದ್ದೂ ಅದೇ. ಹುಡುಗ ಅಭ್ಯಾಸಬಲದಿಂದ ಕಂಪ್ಯೂಟರಿಗೆ ಈ ಚಿತ್ರವನ್ನು 25 ಎಂದು ಓದಿಸಿದ್ದ. ಲೆಕ್ಕ ಹಾಕಿ ನೋಡಿ: ಒಂದು ನಿಮಿಷಕ್ಕೆ 24ರಂತೆ 1440 ಚೌಕಟ್ಟು. ಅವನ್ನು 25ರಂತೆ ಓಡಿಸಿದರೆ 57.6 ಸೆಕೆಂಡಿಗೆ ಮುಗಿಯುತ್ತದೆ. ಧ್ವನಿ ಮಾತ್ರ ಪೂರಾ ಅರವತ್ತು ಸೆಕೆಂಡು ಓಡುತ್ತದೆ. ಎರಡು ಸೆಕೆಂಡು ನಲವತ್ತರ ಹಿಂದುಳಿಕೆ ಬಂದದ್ದು ಅಲ್ಲಿಂದ. ಒಂದು ಗುಂಡಿ ಒತ್ತಿ ಸರಿಪಡಿಸಿದರು. ಆದರೆ ಆ ಪ್ರಶ್ನೆ ಕೇಳಲು ಬಲ್ಲವನು ಪಕ್ಕದಲ್ಲಿ ಇರಬೇಕಾಗಿತ್ತು. ಬಲ್ಲವನ ಪಕ್ಕದಲ್ಲಿ ಕೂರುವ ಆ ಜಾಗಕ್ಕೇ ಎಲ್ಲರ ಪೈಪೋಟಿ.

ಇದಕ್ಕಿಂತಲೂ ಭಯದ ಕೆಲಸ ಇನ್ನೊಂದುಂಟು. ಸಂಜೆ ಕ್ಯಾಮರಾದಿಂದ ತೆಗೆದ ಕಾರ್ಡುಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಕಡತಗಳ ಸಂಖ್ಯೆಯನ್ನೂ ಗಾತ್ರವನ್ನೂ ತಾಳೆ ನೋಡಿ, ತೆರೆದು ಓಡಿಸಿ ನೋಡಿ, ಎರಡು ಡಿಸ್ಕುಗಳನ್ನೂ ಬೇರೆ ಬೇರೆ ಕಡೆ ಇಟ್ಟ ಮೇಲೆಯೇ ಕಾರ್ಡನ್ನು ಅಳಿಸಲು ಹೇಳಬೇಕು. ನಿದ್ದೆಗಣ್ಣಿನಲ್ಲಿ ಒಂದು ಕಾರ್ಡು ತಪ್ಪಿ ಅಳಿಸಿದರೆ ನೂರು ಜನರ ಒಂದು ದಿನದ ದುಡಿಮೆ ಹೋಯಿತು. ಇಷ್ಟು ದೊಡ್ಡ ಹೊಣೆಯನ್ನು ಹೊರಿಸುವುದು ಯಾರ ಮೇಲೆ? ಸಂಬಳದ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿರುವ ಹುಡುಗನ ಮೇಲೆ. ಅನೇಕ ವೇಳೆ ಪಟ್ಟಿಯಲ್ಲೇ ಇಲ್ಲದವನ ಮೇಲೆ.

ಶಬ್ದದ ವಿಭಾಗದ ಬಗ್ಗೆ ಎರಡೇ ಮಾತು. ಕನ್ನಡ ಚಿತ್ರಗಳಲ್ಲಿ ಸಂಭಾಷಣೆಯನ್ನು ಆಮೇಲೆ ಡಬ್ಬಿಂಗ್ ಮಾಡುವ ರೂಢಿ ಬಹುಕಾಲದಿಂದ ಬೇರೂರಿರುವುದರಿಂದ ಸ್ಥಳದಲ್ಲಿ ಧ್ವನಿ ಹಿಡಿಯುವವರಿಗೆ ಅವಕಾಶ ಕಡಮೆ. ಹೆಚ್ಚಿನ ಕೆಲಸ ಬೆಂಗಳೂರಿನ ಕೋಣೆಗಳೊಳಗೇ ನಡೆಯುತ್ತದೆ. ಶಾಲೆಯಲ್ಲಿ ಕಲಿತದ್ದು ಬೇರೆ ವಿಭಾಗಗಳಿಗಿಂತ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಬಲ್ಲವರು ಹೇಳುತ್ತಾರೆ.

ಆ ಶಾಲೆ ಈಗ ಎಲ್ಲಿದೆ? ಪಾಲಿಟೆಕ್ನಿಕ್ಕಿನ ಆ ಎರಡು ವಿಭಾಗಗಳು, ಛಾಯಾಗ್ರಹಣ ಮತ್ತು ಶಬ್ದಗ್ರಹಣ, 1996ರಲ್ಲಿ ಪ್ರತ್ಯೇಕ ಸಂಸ್ಥೆಯಾದುವು. ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯೆಂಬ ಹೆಸರಿನಲ್ಲಿ ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿದೆ. ಪುಣೆಯಲ್ಲಿ 1960ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆಯ ಹೆಸರು ದೊಡ್ಡದು. ಆದರೆ ಅಲ್ಲಿನ ಮುಖ್ಯ ತರಗತಿಗಳಿಗೆ ಪದವಿ ಮುಗಿಸಿರಬೇಕು, ಇಡೀ ದೇಶದವರ ಜೊತೆ ಪರೀಕ್ಷೆ ಬರೆಯಬೇಕು. ಖಾಸಗಿ ವ್ಯಕ್ತಿಗೆ ಎರಡು ಲಕ್ಷ ಕಟ್ಟುವ ಮೊದಲು ಹೆಸರಘಟ್ಟಕ್ಕೆ ಒಂದು ಸಲ ಬಸ್ಸಿನಲ್ಲಿ ಹೋಗಿ ಆ ವರ್ಷದ ಅರ್ಹತೆಯನ್ನೂ ಶುಲ್ಕವನ್ನೂ ಕೇಳಿಕೊಂಡು ಬನ್ನಿ ಎಂದು ಹುಣಸೂರಿನ ಗೆಳೆಯರಿಗೆ ಹೇಳಿದ್ದೇವೆ. ಅಲ್ಲಿಂದ ಹೊರಬಂದವನೂ ಬದಲಿ ಗೇಟಿನಲ್ಲೇ ನಿಲ್ಲಬೇಕೆಂಬುದನ್ನೂ ಮುಚ್ಚಿಡಲಿಲ್ಲ. ಆದರೆ ಆ ಮೂರು ವರ್ಷದ ಸಹಪಾಠಿಗಳೇ ಮುಂದೆ ಅವನನ್ನು ಫೋನು ಮಾಡಿ ಕರೆಯುವವರು. ನಿಹಲಾನಿಯವರು ಮೂರ್ತಿಯವರ ಬಳಿಗೆ ಹೋದ ದಾರಿ ಇಂಥದೇ. ಚಿತ್ರರಂಗದಲ್ಲಿ ಮಾವನೋ ಚಿಕ್ಕಪ್ಪನೋ ಇಲ್ಲದವನಿಗೆ ಸರ್ಕಾರಿ ಶಾಲೆಯೇ ನೆಂಟರ ಮನೆ.

ಇನ್ನು ನಾವು ಜಗಳ ತೆಗೆಯಬೇಕಾದ ವಿಷಯ. ಸಹಾಯಕನ ಮೊದಲ ಒಂದೆರಡು ವರ್ಷಗಳಿಗೆ 'ಕಲಿಯುತ್ತಿದ್ದಾನೆ' ಎಂಬ ಹೆಸರಿಟ್ಟು ಬಸ್ ಚಾರ್ಜು, ಊಟ ಮಾತ್ರ ಕೊಡುವುದು ಸರ್ವೇಸಾಮಾನ್ಯವಾಗಿದೆ. ಬೆಂಗಳೂರಿನಲ್ಲಿ ಸ್ವಂತ ಮನೆಯಿದ್ದವನ ಮಗ ಇದನ್ನು ತಾಳಿಕೊಳ್ಳುತ್ತಾನೆ. ಕೆ.ಆರ್. ನಗರದ ಅಕ್ಕಿ ಗಿರಣಿಯ ಹಮಾಲಿಯ ಮಗ ತಾಳಿಕೊಳ್ಳಲಾರ. ಆರನೆಯ ತಿಂಗಳಿಗೆ ಊರಿಗೆ ಮರಳುತ್ತಾನೆ. ಆಮೇಲೆ ಜನ ಹೇಳುವುದೇನು? ಅವನಿಗೆ ಪ್ರತಿಭೆ ಸಾಲದು ಎಂದು! ಅವನಿಗೆ ಸಾಲದಾದದ್ದು ಕೋಣೆಯ ಬಾಡಿಗೆ.

ಕಾನೂನು ಇಲ್ಲವೇ ಎಂದರೆ ಇದೆ. ಸಂಸತ್ತು 1981ರಲ್ಲೇ ಸಿನಿಮಾ ಕಾರ್ಮಿಕರಿಗಾಗಿ ಒಂದು ಕಾಯಿದೆ ಮಾಡಿ, ಬರಹದ ಒಪ್ಪಂದವಿಲ್ಲದೆ ಯಾರನ್ನೂ ಚಿತ್ರದ ಕೆಲಸಕ್ಕೆ ಇಟ್ಟುಕೊಳ್ಳಕೂಡದೆಂದು ವಿಧಿಸಿತು. 2020ರಲ್ಲಿ ಮಾಡಿ 2025ರ ನವೆಂಬರಿನಲ್ಲಿ ಜಾರಿಗೆ ತಂದ ಕಾರ್ಮಿಕ ಸುರಕ್ಷತೆಯ ಸಂಹಿತೆಯೊಳಗೂ ಆ ಮಾತು ಉಳಿದಿದೆ. ಆ ಸಂಹಿತೆಗಳ ಇತರ ಅನೇಕ ಅಂಶಗಳ ಮೇಲೆ ನಮಗಿರುವ ಆಕ್ಷೇಪಣೆ ಬೇರೆ. ಈ ಒಂದು ಅಂಶ ಕಾರ್ಮಿಕನ ಪರವಾದದ್ದು. ಆದರೆ ಫೋನಿನಲ್ಲಿ ಕರೆದು ಫೋನಿನಲ್ಲಿ ಕಳಿಸುವ ಕಡೆ ಕಾಗದ ಎಲ್ಲಿಂದ ಬರಬೇಕು? ಸರ್ಕಾರ ಕನ್ನಡ ಚಿತ್ರಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ಕೊಡುತ್ತದೆ. ಸಹಾಯಧನದ ಅರ್ಜಿಯ ಜೊತೆ ಕಟ್ಟಕಡೆಯ ಸಹಾಯಕನವರೆಗೆ ಎಲ್ಲರ ಒಪ್ಪಂದ ಪತ್ರಗಳನ್ನೂ, ಕೂಲಿ ಬ್ಯಾಂಕಿಗೆ ಸಂದಾಯವಾದ ದಾಖಲೆಯನ್ನೂ ಲಗತ್ತಿಸತಕ್ಕದ್ದೆಂದು ಒಂದು ಸಾಲು ಸೇರಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ. ನಮ್ಮ ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲಿ ಇಷ್ಟನ್ನು ಕೇಳಲಿ.

ಕಾಗದದ ಮೇಲೆ ನಾವು ಇಷ್ಟು ಹಟ ಹಿಡಿಯುವುದಕ್ಕೆ ಕೂಲಿಯೊಂದೇ ಕಾರಣವಲ್ಲ. ಹುಣಸೂರಿನಿಂದ ಬಸ್ಸು ಮೈಸೂರು ಹೊಗುವ ಹುಣಸೂರು ರಸ್ತೆಯಲ್ಲೇ ಪ್ರೀಮಿಯರ್ ಸ್ಟುಡಿಯೋ ಇದ್ದದ್ದು. ನಮ್ಮ ಕಡೆಯವರು ಎಷ್ಟೋ ಮಂದಿ ಅದರ ಗೇಟನ್ನು ಕಿಟಕಿಯಿಂದ ಇಣುಕಿ ನೋಡುತ್ತ ಬೆಳೆದವರು. 1989ರ ಫೆಬ್ರವರಿ 8ರಂದು, ಟಿಪ್ಪುವಿನ ಕುರಿತ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿ ಬೆಂಕಿ ಬಿತ್ತು. 62 ಮಂದಿ ಸತ್ತರು. ಸಡಿಲವಾದ ವಿದ್ಯುತ್ ತಂತಿಗಳು, ಗಾಳಿಯಾಡದ ಒಳಾಂಗಣ, ಮೇಲಿಂದ ದೊಡ್ಡ ದೀಪಗಳ ಕಾವು: ವರದಿಗಳು ಹೇಳಿದ ಕಾರಣಗಳಿವು. ಮಗನನ್ನು ಸೆಟ್ಟಿಗೆ ಕಳಿಸುವ ತಂದೆತಾಯಿಗಳು ಇದನ್ನು ಕೇಳಿ ಹೆದರಬೇಕೆಂದು ನಾವು ಬರೆಯುತ್ತಿಲ್ಲ. ಸೆಟ್ಟೂ ಒಂದು ಕಾರ್ಖಾನೆ. ಅಲ್ಲೂ ಹೊರಬಾಗಿಲು ಎಷ್ಟು, ತಂತಿಯ ಜೋಡಣೆ ನೋಡುವವರು ಯಾರು ಎಂದು ಕೇಳುವ ಹಕ್ಕಿದೆ. ಹೆಸರು ಯಾವ ಪಟ್ಟಿಯಲ್ಲೂ ಇಲ್ಲದ ಹುಡುಗ ಸುಟ್ಟುಕೊಂಡರೆ, ಅವನು ಅಲ್ಲಿ ಕೆಲಸಕ್ಕಿದ್ದನೆಂದು ತೋರಿಸಲು ಅವನ ಮನೆಯವರ ಕೈಯಲ್ಲಿ ಏನಿರುತ್ತದೆ?

ಹುಣಸೂರಿನ ಗೆಳೆಯರು ಹೋದ ವಾರ ಮತ್ತೆ ಬಂದಿದ್ದರು. ಸಾಲ ಎತ್ತಲಿಲ್ಲ. ಹುಡುಗ ಸದ್ಯಕ್ಕೆ ಊರಿನಲ್ಲೇ ಮದುವೆ ಸ್ಟುಡಿಯೋ ಒಂದಕ್ಕೆ ಸೇರಿಕೊಂಡಿದ್ದಾನೆ, ಮುಂದಿನ ವರ್ಷ ಹೆಸರಘಟ್ಟಕ್ಕೆ ಅರ್ಜಿ ಹಾಕುತ್ತಾನೆ. ಬರೆದುಕೊಂಡ ಚೀಟಿಯನ್ನು ಜೇಬಿಗೆ ಹಾಕುತ್ತ ಅವರು ಇನ್ನೊಂದು ಮಾತು ಕೇಳಿದರು: "ಆ ಒಪ್ಪಂದದ ಕಾಗ್ದ ಇಂಗ್ಲೀಷಲ್ಲಿ ಇರ್ತದಾ, ಕನ್ನಡದಲ್ಲಿ ಇರ್ತದಾ ಸ್ವಾಮಿ?" ಕನ್ನಡದಲ್ಲೇ ಕೇಳಿ ಎಂದೆವು.